ಗೇರುಹಣ್ಣಿನ ರಸಕ್ಕೂ ಹಾಲಿಗೂ ಒಂದೇ ಫಿಲ್ಟರ್ ಸಾಕಾ?

ಪ್ರಶ್ನೆ: ಸರ್, ನಾವು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಹನ್ನೆರಡು ಹೆಂಗಸರು ಸೇರಿ ಸಣ್ಣ ಘಟಕ ನಡೆಸುತ್ತಿದ್ದೇವೆ. ಸೀಸನ್‌ನಲ್ಲಿ ದಿನಕ್ಕೆ ಸುಮಾರು 300 ಲೀಟರ್ ಗೇರುಹಣ್ಣಿನ ರಸ ತೆಗೆಯುತ್ತೇವೆ. ಬಟ್ಟೆಯಲ್ಲಿ ಸೋಸಿದರೂ ಬಾಟಲಿಯ ತಳದಲ್ಲಿ ಗಷ್ಟು ನಿಲ್ಲುತ್ತದೆ, ಕುಡಿದರೆ ಗಂಟಲು ಕೆರೆಯುತ್ತದೆ. ನಮ್ಮವರ ಮನೆಗಳಿಂದ 60 ಲೀಟರ್ ಹಾಲೂ ಸಿಗುತ್ತದೆ, ಅದರಲ್ಲಿ ಗಟ್ಟಿ ಮೊಸರು ಮಾಡುವ ಆಸೆ. ಒಬ್ಬ ಏಜೆಂಟ್ ಬಂದು, "ಒಂದು ಆರ್‌ಓ ಯಂತ್ರ ಸಾಕು, ರಸ ತಿಳಿಯಾಗುತ್ತದೆ, ಗಟ್ಟಿಯೂ ಆಗುತ್ತದೆ, ಹಾಲಿಗೂ ಅದೇ ಆಗುತ್ತದೆ" ಎಂದರು. ಯಂತ್ರದ ಮೇಲೆ ಗಂಟೆಗೆ 250 ಲೀಟರ್, ಪಂಪಿನ ಒತ್ತಡ 10 ಬಾರ್ ಎಂದು ಬರೆದಿದೆ. ನೀರು ಹಾಕಿ ನಡೆಸಿ ತೋರಿಸಿದರು, ಚೆನ್ನಾಗಿಯೇ ಬಂತು. ಆದರೆ ಪಕ್ಕದ ಮನೆಯ ಮಾವ, "ಫಿಲ್ಟರ್ ಮಾಡಿದರೆ ವಿಟಮಿನ್ ಎಲ್ಲ ಹೋಗುತ್ತದೆ, ಸುಮ್ನೆ ದುಡ್ಡು ದಂಡ" ಎನ್ನುತ್ತಾರೆ. ಎಂಎಫ್, ಯುಎಫ್ ಅಂತಲೂ ಇದೆಯಂತೆ. ಯಾವುದು ತೆಗೆದುಕೊಳ್ಳಬೇಕು?

ಉತ್ತರ: ಆ ಯಂತ್ರಕ್ಕೆ ಮುಂಗಡ ಕೊಟ್ಟಿಲ್ಲ ಅಂದುಕೊಂಡಿದ್ದೇನೆ. ಕೊಡಬೇಡಿ. ಏಜೆಂಟ್ ನೀರು ಹಾಕಿ ತೋರಿಸಿದ್ದರಲ್ಲಿ ಮೋಸ ಇಲ್ಲದಿರಬಹುದು, ನೀರಿಗೆ ಆ ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ಆದರೆ ನಿಮ್ಮ ರಸ ಹಾಕಿದರೆ ಆಚೆ ಕಡೆಯಿಂದ ಒಂದು ಹನಿಯೂ ಬರುವುದಿಲ್ಲ. ಇದು ಯಂತ್ರದ ಗುಣಮಟ್ಟದ ಮಾತಲ್ಲ. ಸಕ್ಕರೆ ಕರಗಿದ ನೀರಿನ ಸ್ವಭಾವವೇ ಹಾಗೆ.

ಆರ್‌ಓ ಅಂದರೆ ರಿವರ್ಸ್ ಆಸ್ಮಾಸಿಸ್. ಅದರ ಮೆಂಬ್ರೇನ್, ಅಂದರೆ ಸೋಸುವ ತೆಳು ಪದರ, ನೀರನ್ನು ಮಾತ್ರ ಬಿಡುತ್ತದೆ. ಸಕ್ಕರೆ, ಉಪ್ಪು, ಹುಳಿ ಎಲ್ಲ ಈಚೆ ಕಡೆಯೇ ಉಳಿಯುತ್ತವೆ. ಹಾಗೆ ಉಳಿದ ಸಕ್ಕರೆ ನೀರನ್ನು ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ಹಿಡಿತಕ್ಕೆ ಆಸ್ಮಾಟಿಕ್ ಒತ್ತಡ ಎನ್ನುತ್ತಾರೆ. ಪಂಪಿನ ಒತ್ತಡ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ನೀರು ಆಚೆ ಹೋಗುತ್ತದೆ. ಗೇರುಹಣ್ಣಿನ ರಸದಲ್ಲಿ ಲೀಟರಿಗೆ 100–110 ಗ್ರಾಂ ಸಕ್ಕರೆ ಇದೆ ಅಂತಿಟ್ಟುಕೊಳ್ಳಿ, ಅದೂ ಹೆಚ್ಚಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ನಮ್ಮ ಊರಿನ ಬಿಸಿಲಿನ ಉಷ್ಣತೆಯಲ್ಲಿ ಅದರ ಆಸ್ಮಾಟಿಕ್ ಒತ್ತಡ 14–15 ಬಾರ್ ಆಗುತ್ತದೆ. ನಿಮ್ಮ ಪಂಪು 10 ಬಾರಿನದ್ದು. ಲೆಕ್ಕ ಅಲ್ಲಿಗೇ ಮುಗಿಯಿತು. ರಸವನ್ನು ಅರ್ಧಕ್ಕೆ ಇಳಿಸಬೇಕೆಂದರೆ ಕೊನೆಯಲ್ಲಿ ಈ ಒತ್ತಡ 30 ಬಾರ್ ದಾಟುತ್ತದೆ, ಅದನ್ನು ಮೀರಿ ನೀರು ತಳ್ಳಲು 45–50 ಬಾರಿನ ಪಂಪು ಬೇಕು, ಆ ಒತ್ತಡ ತಡೆಯುವ ಪೈಪು, ಸೀಲು, ಮೆಂಬ್ರೇನ್ ಕವಚ ಎಲ್ಲ ಬೇಕು. ಅದು ಬೇರೆಯೇ ದರ್ಜೆಯ ಯಂತ್ರ. ಅದರಲ್ಲೂ 25–30 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ 25–30 ಗ್ರಾಂ ಸಕ್ಕರೆ, ಆಸುಪಾಸಿಗೆ ಬಂದರೆ ಮುಂದೆ ಹೋಗುವುದು ಕಷ್ಟ. ಸಿರಪ್ಪಿನಷ್ಟು ಗಟ್ಟಿ ರಸ ಆರ್‌ಓದಿಂದ ಬರುವುದಿಲ್ಲ.

ಹಾಲಿನ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು, ಯಾಕೆಂದರೆ ಅಲ್ಲಿ ಡೆಮೊ ಸ್ವಲ್ಪ ನಡೆದುಬಿಡುತ್ತದೆ. ಹಾಲಿನ ಆಸ್ಮಾಟಿಕ್ ಒತ್ತಡ ಸುಮಾರು 7 ಬಾರ್. ಹಾಗಾಗಿ 10 ಬಾರ್ ಪಂಪಿನಲ್ಲಿ ಮೊದಲಿಗೆ ನೀರು ತೊಟ್ಟಿಕ್ಕುತ್ತದೆ, ನೋಡಿದವರಿಗೆ ಕೆಲಸ ಆಗುತ್ತಿದೆ ಅನಿಸುತ್ತದೆ. ಹಾಲು ಗಟ್ಟಿಯಾದ ಹಾಗೆ ಒತ್ತಡವೂ ಏರುತ್ತದೆ. ನಿಮ್ಮ 60 ಲೀಟರ್ ಹಾಲು 42 ಲೀಟರಿಗೆ ಇಳಿಯುವ ಹೊತ್ತಿಗೆ ಅದೂ 10 ಬಾರ್ ಮುಟ್ಟಿರುತ್ತದೆ, ಅಲ್ಲಿಗೆ ನಿಂತಿತು. ನಿಜದಲ್ಲಿ ಅಲ್ಲಿಯವರೆಗೂ ಹೋಗುವುದಿಲ್ಲ. ಕೊಬ್ಬು ಮತ್ತು ಪ್ರೋಟೀನ್ ಮೆಂಬ್ರೇನ್ ಮೇಲೆ ಕೂತು ಅದಕ್ಕೂ ಮೊದಲೇ ದಾರಿ ಕಟ್ಟುತ್ತವೆ.

ಈಗ ಮೂರರ ವ್ಯತ್ಯಾಸಕ್ಕೆ ಬರೋಣ. ಎಂಎಫ್ ಮತ್ತು ಯುಎಫ್ ಎರಡನ್ನೂ ಜರಡಿಯ ಹಾಗೆ ಎಣಿಸಬಹುದು, ರಂಧ್ರದ ಅಳತೆ ಮಾತ್ರ ಬೇರೆ. ಎಂಎಫ್ ಅಂದರೆ ಮೈಕ್ರೋಫಿಲ್ಟ್ರೇಶನ್. ಅದರ ರಂಧ್ರ ಸಾಮಾನ್ಯವಾಗಿ 0.1 ಮೈಕ್ರಾನ್‌ನಿಂದ ಒಂದೆರಡು ಮೈಕ್ರಾನ್. ತಿರುಳಿನ ನಾರು, ಯೀಸ್ಟು, ಹೆಚ್ಚಿನ ಬ್ಯಾಕ್ಟೀರಿಯಾ ಅದರಲ್ಲಿ ನಿಲ್ಲುತ್ತವೆ. ಒಂದೆರಡು ಬಾರ್ ಒತ್ತಡ ಸಾಕು. ಯುಎಫ್, ಅಂದರೆ ಅಲ್ಟ್ರಾಫಿಲ್ಟ್ರೇಶನ್, ಅದಕ್ಕಿಂತ ಹತ್ತಿಪ್ಪತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಸಣ್ಣ ರಂಧ್ರದ್ದು. ಅದರಲ್ಲಿ ಪ್ರೋಟೀನ್, ಹಣ್ಣಿಗೆ ಲೋಳೆ ಕೊಡುವ ಪೆಕ್ಟಿನ್ ಥರದ ದೊಡ್ಡ ಅಣುಗಳೂ ನಿಲ್ಲುತ್ತವೆ. ಸಕ್ಕರೆ, ಹುಳಿ, ಉಪ್ಪು, ವಿಟಮಿನ್ ಸಿ ಇವು ಎರಡರಲ್ಲೂ ಆರಾಮವಾಗಿ ಆಚೆ ಹೋಗುತ್ತವೆ. ಹಾಗಾಗಿ ಅವುಗಳಿಂದ ಆಸ್ಮಾಟಿಕ್ ತಕರಾರು ಇಲ್ಲವೇ ಇಲ್ಲ ಅನ್ನಬಹುದು, ಯುಎಫ್‌ಗೆ ಮೂರ್ನಾಲ್ಕು ಬಾರ್ ಒತ್ತಡ ಧಾರಾಳ. ಆರ್‌ಓ ಈ ಸಾಲಿಗೆ ಸೇರಿದ್ದಲ್ಲ, ಅದು ನೀರು ತೆಗೆಯುವ ಉಪಾಯ. ನಿಮಗೆ ಬೇಕಿರುವುದು ಗಷ್ಟು ತೆಗೆಯುವುದು. ತಿಳಿ ಮಾಡುವ ಕೆಲಸಕ್ಕೆ ಆರ್‌ಓ ಹಾಕಿದರೆ ಆಚೆ ಕಡೆ ಬರುವುದು ಬರೀ ನೀರು, ರಸ ಗಷ್ಟಿನ ಜೊತೆಗೇ ಈಚೆ ಉಳಿಯುತ್ತದೆ.

ನಿಮ್ಮ ಮಾವನ ಮಾತಿನಲ್ಲಿ ಅರ್ಧ ನಿಜ ಇದೆ. ವಿಟಮಿನ್ ಸಿ ಅಣು ಬಹಳ ಸಣ್ಣದು, ಯುಎಫ್ ರಂಧ್ರದಲ್ಲಿ ಅದು ಸಿಕ್ಕಿಕೊಳ್ಳುವುದಿಲ್ಲ. ಆದರೆ ಫಿಲ್ಟರ್ ನಡೆಸುವ ರೀತಿಯಲ್ಲಿ ಹಾಳಾಗುತ್ತದೆ. ರಸ ಗಂಟೆಗಟ್ಟಲೆ ಬಿಸಿಯಾಗಿ ತೊಟ್ಟಿಗೂ ಮೆಂಬ್ರೇನಿಗೂ ಸುತ್ತುತ್ತಿರುತ್ತದೆ. ತಿರುಗಿ ಬರುವ ಪೈಪು ತೊಟ್ಟಿಯ ಮೇಲಿನಿಂದ ಧಾರೆಯಾಗಿ ಬಿದ್ದರೆ ಗಾಳಿ ಬೆರೆತು ನೊರೆ ಬರುತ್ತದೆ, ಆ ಗಾಳಿಗೆ ವಿಟಮಿನ್ ಸಿ ಕೆಟ್ಟು ಹೋಗುತ್ತದೆ. ಪೈಪಿನ ಬಾಯಿ ರಸದೊಳಗೆ ಮುಳುಗಿರುವ ಹಾಗೆ ಮಾಡಿದರೆ ಅರ್ಧ ತೊಂದರೆ ಹೋಯಿತು. ತಾಮ್ರ, ಹಿತ್ತಾಳೆ, ಕಬ್ಬಿಣ ಎಲ್ಲೂ ರಸಕ್ಕೆ ತಾಗಬಾರದು. ಕಬ್ಬಿಣ ತಾಗಿದರೆ ಗೇರುಹಣ್ಣಿಗೆ ಒಗರು ಕೊಡುವ ಟ್ಯಾನಿನ್ ಕಪ್ಪಾಗುವುದನ್ನು ಕತ್ತಿಯಲ್ಲಿ ಹಣ್ಣು ಕೊಯ್ದ ನೀವೆಲ್ಲ ನೋಡಿಯೇ ಇರುತ್ತೀರಿ. ಒಂದೇ ಒಂದು ಹಿತ್ತಾಳೆ ವಾಲ್ವು ಇದ್ದರೂ ಬದಲಾಯಿಸಿ ಸ್ಟೀಲಿನದ್ದು ಹಾಕಿಸಿ.

ಗಂಟಲು ಕೆರೆಯುವುದಕ್ಕೆ ಮೆಂಬ್ರೇನ್ ಪೂರ್ತಿ ಮದ್ದಲ್ಲ. ಇದನ್ನು ಮಾರುವವರು ಹೇಳುವುದಿಲ್ಲ. ಒಗರು ಬರುವುದು ಟ್ಯಾನಿನ್‌ನಿಂದ, ಅದು ನಾಲಿಗೆ ಮೇಲಿನ ಜೊಲ್ಲಿನ ಪ್ರೋಟೀನಿಗೆ ಅಂಟುತ್ತದೆ. ಟ್ಯಾನಿನ್ ಅಣುಗಳಲ್ಲಿ ಸಣ್ಣವೂ ಇವೆ, ದೊಡ್ಡವೂ ಇವೆ. ದೊಡ್ಡವು ಯುಎಫ್‌ನಲ್ಲಿ ನಿಲ್ಲುತ್ತವೆ, ಸಣ್ಣವು ಸಕ್ಕರೆಯ ಹಿಂದೆಯೇ ಆಚೆ ಹೋಗುತ್ತವೆ. ಬರೀ ಯುಎಫ್ ಮಾಡಿದರೆ ಕನ್ನಡಿಯ ಹಾಗೆ ತಿಳಿಯಾದ, ಆದರೂ ಒಗರಾದ ರಸ ಸಿಗುತ್ತದೆ. ಸಾಲದ್ದಕ್ಕೆ ನಿಂತ ಟ್ಯಾನಿನ್ ಪ್ಲಾಸ್ಟಿಕ್ ಮೆಂಬ್ರೇನಿಗೇ ಅಂಟಿಕೊಂಡು ಅದನ್ನು ಕಂದು ಮಾಡುತ್ತದೆ, ದಿನದಿಂದ ದಿನಕ್ಕೆ ರಸ ಬರುವುದು ಕಮ್ಮಿಯಾಗುತ್ತದೆ.

ಹಾಗಾಗಿ ಟ್ಯಾನಿನ್ ಅನ್ನು ಮೆಂಬ್ರೇನಿಗೆ ಮೊದಲೇ ಇಳಿಸಬೇಕು. ಇದಕ್ಕೆ ಅಗ್ಗದ ದಾರಿ ಸಾಬಕ್ಕಿ. ಲೀಟರ್ ರಸಕ್ಕೆ ಸುಮಾರು 5 ಗ್ರಾಂ ಸಾಬಕ್ಕಿ ಪುಡಿ ಮಾಡಿ, ನೀರಲ್ಲಿ ಬೇಯಿಸಿ ಗಂಜಿಯ ಹಾಗೆ ಮಾಡಿ, ಪೂರ್ತಿ ಆರಿದ ಮೇಲೆ ರಸಕ್ಕೆ ಹಾಕಿ ಕಲಕಬೇಕು. ನಿಮ್ಮ 300 ಲೀಟರಿಗೆ ಒಂದೂವರೆ ಕಿಲೋ ಸಾಬಕ್ಕಿ ಆಯಿತು. ಟ್ಯಾನಿನ್ ಅದಕ್ಕೆ ಕಟ್ಟಿಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಪೈಪಿನಲ್ಲಿ ಎಳೆದುಕೊಳ್ಳಬಹುದು. ಇದಕ್ಕೆ ಹನ್ನೆರಡು ಗಂಟೆ ಬೇಕು, ನಮ್ಮ ಮಾರ್ಚ್ ಸೆಖೆಯಲ್ಲಿ ಅಷ್ಟು ಹೊತ್ತು ಹಾಗೇ ಇಟ್ಟರೆ ರಸ ಹುಳಿ ಬರುತ್ತದೆ. ತಣ್ಣಗೆ ಇಡುವ ವ್ಯವಸ್ಥೆ ಬೇಕೇ ಬೇಕು. ಜೆಲಾಟಿನ್ ಹಾಕಿದರೆ ಬೇಗ ಆಗುತ್ತದೆ, ಆದರೆ ಅದು ಪ್ರಾಣಿಜನ್ಯ, ಸಸ್ಯಾಹಾರಿ ಗಿರಾಕಿಗಳು ಜಾಸ್ತಿ ಇರುವ ನಮ್ಮ ಕಡೆ ಯೋಚಿಸಿ ಹಾಕಿ. ಅಳತೆ ತಪ್ಪಿ ಜಾಸ್ತಿಯಾದರೆ ಉಳಿದ ಜೆಲಾಟಿನ್ನೇ ಆಮೇಲೆ ಬಾಟಲಿಯಲ್ಲಿ ಮಸುಕು ಎಬ್ಬಿಸುತ್ತದೆ.

ಎರಡನೇ ಶತ್ರು ಪೆಕ್ಟಿನ್. ಮೆಂಬ್ರೇನ್ ಮೇಲೆ ಅದು ಲೋಳೆಯ ಪದರವಾಗಿ ಕೂರುತ್ತದೆ. ಆ ಪದರ ಕೂತ ಮೇಲೆ ಪಂಪಿನ ಒತ್ತಡ ಎಷ್ಟು ಏರಿಸಿದರೂ ಲಾಭ ಇಲ್ಲ, ಲೋಳೆ ಇನ್ನಷ್ಟು ಬಿಗಿಯಾಗುತ್ತದೆ ಅಷ್ಟೆ. ಹೊಸದಾಗಿ ಯಂತ್ರ ತಂದವರು ಮಾಡುವ ಮೊದಲ ಕೆಲಸವೇ ಇದು, ರಸ ಕಮ್ಮಿಯಾಯಿತು ಎಂದು ಒತ್ತಡ ತಿರುಗಿಸುವುದು. ಮಾಡಬೇಕಾದ್ದು ಎರಡು. ಮೆಂಬ್ರೇನಿನ ಮೈ ಸವರಿಕೊಂಡು ರಸ ಜೋರಾಗಿ ಹರಿಯುವ ಹಾಗೆ ನೋಡಿಕೊಳ್ಳಬೇಕು, ಅಂದರೆ ಸುತ್ತುವ ಪಂಪು ಗಟ್ಟಿಯಾಗಿರಬೇಕು. ಮತ್ತೆ ಫಿಲ್ಟರಿಗೆ ಮೊದಲು ಪೆಕ್ಟಿನೇಸ್ ಎಂಬ ಎನ್‌ಜೈಮ್ ಹಾಕಿ 45–50 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಬೇಕು, ಅದು ಪೆಕ್ಟಿನ್ ಅನ್ನು ತುಂಡು ಮಾಡುತ್ತದೆ. ಎಷ್ಟು ಹಾಕಬೇಕೆಂದು ಎನ್‌ಜೈಮ್ ಡಬ್ಬದ ಮೇಲೆ ಇರುತ್ತದೆ. ಕೆಲಸ ಆಯಿತೋ ಇಲ್ಲವೋ ನೋಡಲು ಒಂದು ಗಾಜಿನ ನಳಿಕೆ ಸಾಕು. 5 ಮಿಲಿ ಸೋಸಿದ ರಸಕ್ಕೆ 10 ಮಿಲಿ ಸ್ಪಿರಿಟ್ ಹಾಕಿ, ಅದಕ್ಕೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿರಬೇಕು. ನಿಧಾನ ತಲೆಕೆಳಗೆ ಮಾಡಿ ಹತ್ತು ಹದಿನೈದು ನಿಮಿಷ ಬಿಡಿ. ಲೋಳೆಯ ಎಳೆಗಳು ತೇಲಿ ಬಂದರೆ ಪೆಕ್ಟಿನ್ ಇನ್ನೂ ಇದೆ, ಇನ್ನಷ್ಟು ಹೊತ್ತು ಕಾಯಬೇಕು. ಏನೂ ಕಾಣದಿದ್ದರೆ ಫಿಲ್ಟರಿಗೆ ಬಿಡಬಹುದು. ಪರೀಕ್ಷೆ ಮಾಡಿದ ಆ ರಸವನ್ನು ಮಾತ್ರ ಚೆಲ್ಲಿಬಿಡಿ.

ಇಷ್ಟೆಲ್ಲ ಆದ ಮೇಲೆ ಎಂಎಫ್ ಸಾಕಾ, ಯುಎಫ್ ಬೇಕಾ? ನನ್ನ ಅನುಭವದಲ್ಲಿ ಗೇರುಹಣ್ಣಿನಂಥ ರಸಕ್ಕೆ 0.2 ಮೈಕ್ರಾನ್ ಎಂಎಫ್ ಸಾಕಾಗುತ್ತದೆ. ಬಾಟಲಿಯಲ್ಲಿ ಗಷ್ಟು ನಿಲ್ಲುವುದಿಲ್ಲ, ಯೀಸ್ಟು ಹೋಗುತ್ತದೆ. ಯುಎಫ್ ಮಾಡಿದರೆ ಹೊಳಪು ಜಾಸ್ತಿ, ಮುಂದೆ ಮಸುಕು ಬರುವ ಸಂಭವವೂ ಕಮ್ಮಿ, ಯಾಕೆಂದರೆ ಪ್ರೋಟೀನೂ ನಿಂತಿರುತ್ತದೆ. ಆದರೆ ರಸ ನಿಧಾನ ಬರುತ್ತದೆ, ತೊಳೆಯುವ ಕೆಲಸ ಜಾಸ್ತಿ. ಎರಡರಲ್ಲೂ ಒಂದು ಅಪಾಯ ಇದೆ. ಫಿಲ್ಟರಿಂದ ಬರುವಾಗ ಕನ್ನಡಿಯ ಹಾಗಿದ್ದ ರಸ ಮೂರು ವಾರದ ಮೇಲೆ ಮತ್ತೆ ಮಸುಕಾಗಬಹುದು. ಆಚೆ ಹೋದ ಸಣ್ಣ ಟ್ಯಾನಿನ್‌ಗಳು ಬಾಟಲಿಯೊಳಗೆ ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಅದಕ್ಕೇ ಮೊದಲ ಬ್ಯಾಚಿನ ನಾಲ್ಕು ಬಾಟಲಿ ಫ್ರಿಜ್ಜಿನಲ್ಲಿ, ನಾಲ್ಕು ಹೊರಗೆ ಇಟ್ಟು ತಿಂಗಳು ನೋಡಿ. ಫ್ರಿಜ್ಜಿನದ್ದು ಮಸುಕಾದರೆ ಸಾಬಕ್ಕಿ ಸಾಲಲಿಲ್ಲ ಎಂದು ತಿಳಿಯಿರಿ.

ಫಿಲ್ಟರ್ ಆಯಿತೆಂದು ಕಾಯಿಸದೆ ಬಿಡಬೇಡಿ. ಮೆಂಬ್ರೇನ್ ಯೀಸ್ಟನ್ನು ತಡೆದರೂ ಆಚೆ ಕಡೆಯ ಪೈಪು, ತೊಟ್ಟಿ, ಬಾಟಲಿ, ಕೈ ಇವುಗಳಿಂದ ಮತ್ತೆ ಸೇರುತ್ತದೆ. ಪಾಶ್ಚರೀಕರಣ ಮಾಡಲೇಬೇಕು.

ಎಷ್ಟು ದೊಡ್ಡ ಯಂತ್ರ ಬೇಕೆಂಬುದಕ್ಕೆ ಏಜೆಂಟರ "ಗಂಟೆಗೆ ಇಷ್ಟು ಲೀಟರ್" ನಂಬಬೇಡಿ, ಅದು ನೀರಿನ ಲೆಕ್ಕ. ನಿಮ್ಮದೇ ರಸ 40 ಲೀಟರ್ ಒಯ್ದು ಸಣ್ಣ ಮೆಂಬ್ರೇನಿನಲ್ಲಿ ನಾಲ್ಕು ಗಂಟೆ ಓಡಿಸಿ ಕೊಡಲು ಹೇಳಿ, ಪ್ರತಿ ಕಾಲು ಗಂಟೆಗೆ ಎಷ್ಟು ಬಂತು ಬರೆದುಕೊಳ್ಳಿ. ಉದಾಹರಣೆಗೆ 0.2 ಚದರ ಮೀಟರ್ ಮೆಂಬ್ರೇನಿನಲ್ಲಿ ಮೊದಲ ಗಂಟೆ 9 ಲೀಟರ್ ಬಂದು, ನಾಲ್ಕನೇ ಗಂಟೆಗೆ 5 ಲೀಟರಿಗೆ ಇಳಿಯಿತು ಅನ್ನಿ. ಅಂದರೆ ಒಂದು ಚದರ ಮೀಟರಿಗೆ ಗಂಟೆಗೆ 45 ಇದ್ದದ್ದು 25 ಆಯಿತು. ಲೆಕ್ಕ ಹಾಕುವಾಗ 25 ಹಿಡಿಯಿರಿ. 300 ಲೀಟರ್ ರಸದಲ್ಲಿ 270 ಲೀಟರ್ ತಿಳಿ ಬೇಕು, ನಾಲ್ಕು ಗಂಟೆಯಲ್ಲಿ ಮುಗಿಯಬೇಕು ಎಂದರೆ 270 ಅನ್ನು 100ರಿಂದ ಭಾಗಿಸಿದರೆ 2.7 ಚದರ ಮೀಟರ್, ಮೂರು ಎಂದು ತೆಗೆದುಕೊಳ್ಳಿ. 45 ಹಿಡಿದು ಒಂದೂವರೆ ಚದರ ಮೀಟರ್ ಕೊಂಡವರು ರಾತ್ರಿ ಹತ್ತಾದರೂ ಪಂಪಿನ ಪಕ್ಕ ಕೂತಿರಬೇಕಾಗುತ್ತದೆ, ಅಷ್ಟರಲ್ಲಿ ತೊಟ್ಟಿಯ ರಸ ಹುದುಗು ಬರಲು ಶುರುವಾಗಿರುತ್ತದೆ. ಕೊನೆಗೆ ಉಳಿಯುವ 30 ಲೀಟರ್ ಗಷ್ಟನ್ನು ಜಾಮಿಗೆ ಹಾಕುವ ಯೋಚನೆ ಬೇಡ. ನಿಂತ ಟ್ಯಾನಿನ್ ಎಲ್ಲ ಅದರಲ್ಲೇ ಇರುತ್ತದೆ, ಗೊಬ್ಬರದ ಗುಂಡಿಗೆ ಹೋಗಲಿ.

ಹಾಲಿನ ಮಾತು. ಇಲ್ಲಿ ಎಂಎಫ್, ಯುಎಫ್, ಆರ್‌ಓ ಮೂರೂ ದೊಡ್ಡ ಡೇರಿಗಳಲ್ಲಿ ನಡೆಯುತ್ತವೆ, ಒಂದೊಂದೂ ಬೇರೆ ಕೆಲಸಕ್ಕೆ. 1.4 ಮೈಕ್ರಾನ್ ಎಂಎಫ್‌ನಲ್ಲಿ ಹಾಲಿನ ಬ್ಯಾಕ್ಟೀರಿಯಾ ಸೋಸುತ್ತಾರೆ, ಆದರೆ ಕೆನೆ ತೆಗೆದ ಹಾಲಿನಲ್ಲಿ ಮಾತ್ರ. ಕೊಬ್ಬಿನ ಹನಿಗಳೂ ಬ್ಯಾಕ್ಟೀರಿಯಾದ ಗಾತ್ರದವೇ, ಒಂದನ್ನು ಬಿಟ್ಟು ಒಂದನ್ನು ಹಿಡಿ ಎಂದರೆ ಮೆಂಬ್ರೇನಿಗೆ ಗೊತ್ತಾಗುವುದಿಲ್ಲ. ಆರ್‌ಓದಲ್ಲಿ ಬರೀ ನೀರು ತೆಗೆಯುತ್ತಾರೆ, ಸಾಗಾಟದ ಖರ್ಚು ಉಳಿಸಲು, ಇಲ್ಲವೇ ಹಾಲಿನ ಪುಡಿ ಮಾಡುವ ಮೊದಲು. ಅದರಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯೂ ಜೊತೆಗೇ ಗಟ್ಟಿಯಾಗುತ್ತದೆ.

ಗಟ್ಟಿ ಮೊಸರಿಗೆ ಸರಿ ಹೊಂದುವುದು ಯುಎಫ್. ನಿಮ್ಮ 60 ಲೀಟರ್ ಹಾಲನ್ನು ಯುಎಫ್‌ನಲ್ಲಿ 20 ಲೀಟರಿಗೆ ಇಳಿಸಿದರೆ ಪ್ರೋಟೀನ್ ಶೇಕಡಾ 3.3 ಇದ್ದದ್ದು 10ರ ಹತ್ತಿರ ಬರುತ್ತದೆ, ಕೊಬ್ಬೂ ಮೂರು ಪಟ್ಟಾಗುತ್ತದೆ, ಆದರೆ ಲ್ಯಾಕ್ಟೋಸ್ ಮಾತ್ರ ಮೊದಲಿನಷ್ಟೇ ಇರುತ್ತದೆ, ಹೆಚ್ಚಿದ್ದು ನೀರಿನ ಜೊತೆ ಹೋಗಿರುತ್ತದೆ. ಮೊಸರು ಬಟ್ಟೆಯಲ್ಲಿ ಕಟ್ಟಿ ತೂಗು ಹಾಕಿದಾಗ ನೀರಿನ ಜೊತೆ ಹೋಗುವ ಸಣ್ಣ ಪ್ರೋಟೀನ್‌ಗಳೂ ಇಲ್ಲಿ ಉಳಿಯುತ್ತವೆ. ಒಳ್ಳೆಯದೇ. ಆದರೆ ಆಚೆ ಬಂದ 40 ಲೀಟರ್ ಸಿಹಿ ನೀರು ಏನು ಮಾಡುತ್ತೀರಿ? ದಿನವೂ ತೋಡಿಗೆ ಬಿಟ್ಟರೆ ಅದರಲ್ಲಿರುವ ಸಕ್ಕರೆ ಕೊಳೆತು ನೀರಿನ ಆಮ್ಲಜನಕ ತಿಂದುಹಾಕುತ್ತದೆ, ಮೀನು ಸಾಯುತ್ತದೆ, ನಾರುತ್ತದೆ. ದನಕ್ಕೆ ಸ್ವಲ್ಪ ಸ್ವಲ್ಪ ಕುಡಿಸಬಹುದು, 40 ಲೀಟರ್ ಖರ್ಚಾಗುವಷ್ಟು ದನ ಬೇಕು. ಜೊತೆಗೆ ಯುಎಫ್ ನಡೆಸುವಾಗ ಹಾಲು 10 ಡಿಗ್ರಿಗಿಂತ ತಣ್ಣಗಿರಬೇಕು ಇಲ್ಲವೇ 50 ಡಿಗ್ರಿಗೆ ಬಿಸಿ ಇರಬೇಕು. ನಡುವಿನ ಉಗುರು ಬೆಚ್ಚಗೆಯಲ್ಲಿ ಬ್ಯಾಕ್ಟೀರಿಯಾ ಹುಚ್ಚು ಕಟ್ಟಿ ಬೆಳೆಯುತ್ತವೆ. 60 ಲೀಟರಿಗೆ ಇಷ್ಟೆಲ್ಲ ಕಟ್ಟಿಕೊಳ್ಳುವುದು ನನ್ನ ಮಟ್ಟಿಗೆ ಲೆಕ್ಕಕ್ಕೆ ಕೂರುವುದಿಲ್ಲ. ಶುದ್ಧ ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನಲ್ಲಿ ಇಳಿಸಿ, ಅದನ್ನೇ ಚೆನ್ನಾಗಿ ಮಾರಿ.

ಏನೇ ಆದರೂ ರಸಕ್ಕೆ ತಂದ ಮೆಂಬ್ರೇನಿನಲ್ಲಿ ಹಾಲು ಓಡಿಸಬೇಡಿ. ರಂಧ್ರದೊಳಗೆ ಕೂತ ಟ್ಯಾನಿನ್ ಹಾಲಿನ ಪ್ರೋಟೀನನ್ನು ಕಟ್ಟಿ ಹಿಡಿಯುತ್ತದೆ. ತಿರುಗಿ ಹೇಳಿದರೂ ಅಷ್ಟೇ. ಗೇರುರಸದ ಪಿಎಚ್ 4ರಿಂದ 4.5ರ ಆಸುಪಾಸು, ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್ ಒಡೆಯುವುದು 4.6ರಲ್ಲಿ. ನಿನ್ನೆ ಹಾಲು ಓಡಿಸಿ ಸರಿಯಾಗಿ ತೊಳೆಯದ ಮೆಂಬ್ರೇನಿಗೆ ಇಂದು ರಸ ಬಿಟ್ಟರೆ ಒಳಗೇ ಹಾಲು ಒಡೆದು ಮೊಸರುಗಟ್ಟುತ್ತದೆ, ಮತ್ತೆ ಅದನ್ನು ಬಿಡಿಸುವುದು ಬಹಳ ಕಷ್ಟ. ಹಾಲಿನ ಅಲರ್ಜಿ ಇರುವವರು ನಿಮ್ಮ ರಸ ಕುಡಿದರೆ ಅವರಿಗೂ ಅಪಾಯ.

ತೊಳೆಯುವುದನ್ನು ಸಲೀಸಾಗಿ ತೆಗೆದುಕೊಂಡರೆ ಒಂದೇ ಸೀಸನ್‌ನಲ್ಲಿ ಮೆಂಬ್ರೇನ್ ಹಾಳು. ರಸ ಮುಗಿದ ಕೂಡಲೇ ನೀರು ಓಡಿಸಿ, ಆಮೇಲೆ ಕಾಸ್ಟಿಕ್ ಸೋಡಾ ತೆಳು ದ್ರಾವಣ 45–50 ಡಿಗ್ರಿಯಲ್ಲಿ ಅರ್ಧ ಗಂಟೆ, ಮತ್ತೆ ನೀರು, ಕೊನೆಗೆ ಸಿಟ್ರಿಕ್ ಆಮ್ಲ, ಮತ್ತೆ ನೀರು. ದ್ರಾವಣದ ಪಿಎಚ್ ಎಲ್ಲಿಯವರೆಗೆ ಹೋಗಬಹುದು ಎಂದು ಮೆಂಬ್ರೇನಿನ ಕಾಗದದಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ. ಬ್ಲೀಚಿಂಗ್ ಪೌಡರ್ ಆರ್‌ಓ ಮೆಂಬ್ರೇನಿಗೆ ವಿಷ, ಅದು ಪಾಲಿಯಮೈಡ್ ಪದರವನ್ನು ಕಡಿದುಹಾಕುತ್ತದೆ. ಶುದ್ಧವಾಯಿತೋ ಎಂದು ನೋಡಲು ಕಣ್ಣು ಸಾಲದು. ಹೊಸತಿದ್ದಾಗ ಒಂದೇ ಒತ್ತಡ, ಒಂದೇ ಉಷ್ಣತೆಯಲ್ಲಿ ಶುದ್ಧ ನೀರು ಎಷ್ಟು ಬರುತ್ತದೆ ಎಂದು ಬರೆದಿಡಿ. ದಿನಾ ತೊಳೆದ ಮೇಲೆ ಅದರ ಹತ್ತರಲ್ಲಿ ಒಂಬತ್ತು ಪಾಲಾದರೂ ಬರಬೇಕು, ಇಲ್ಲದಿದ್ದರೆ ಮತ್ತೆ ತೊಳೆಯಬೇಕು. ಇನ್ನೊಂದು ಲಕ್ಷಣವನ್ನೂ ಗಮನಿಸಿ. ರಸ ದಿನದಿಂದ ದಿನಕ್ಕೆ ಕಮ್ಮಿಯಾದರೆ ಅದು ಕಟ್ಟಿಕೊಂಡದ್ದು. ಒಂದು ದಿನ ಇದ್ದಕ್ಕಿದ್ದ ಹಾಗೆ ಜಾಸ್ತಿ ಬಂದು, ಬಂದದ್ದೂ ಮಸುಕಾಗಿದ್ದರೆ ಮೆಂಬ್ರೇನಿನ ನಳಿಕೆ ಎಲ್ಲೋ ಒಡೆದಿದೆ, ಆ ದಿನದ ರಸ ಬಾಟಲಿಗೆ ಹೋಗಬಾರದು.

ಗೇರುಹಣ್ಣು ಬರುವುದು ಫೆಬ್ರವರಿಯಿಂದ ಮೇ. ಉಳಿದ ತಿಂಗಳು ಯಂತ್ರ ಸುಮ್ನೆ ಕೂರುತ್ತದೆ, ಹೆಚ್ಚಿನ ಮೆಂಬ್ರೇನ್ ಹಾಳಾಗುವುದು ಆಗಲೇ. ಪ್ಲಾಸ್ಟಿಕ್ ಮೆಂಬ್ರೇನ್ ಒಮ್ಮೆ ಒಣಗಿದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ, ಒದ್ದೆ ಇಟ್ಟರೆ ಮಳೆಗಾಲದಲ್ಲಿ ಬೂಷ್ಟು. ತೊಳೆದು ಶೇಕಡಾ ಒಂದರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಸಿ ಬಾಯಿ ಮುಚ್ಚಿಡಬೇಕು, ತಿಂಗಳಿಗೊಮ್ಮೆ ದ್ರಾವಣ ಬದಲಾಯಿಸಬೇಕು. ಸೆರಾಮಿಕ್ ಮೆಂಬ್ರೇನಿಗೆ ಈ ತಲೆನೋವು ಇಲ್ಲ, ತೊಳೆದು ಒಣಗಿಸಿ ಇಡಬಹುದು, ಕಾಸ್ಟಿಕ್ಕಿಗೂ ಬಿಸಿಗೂ ಹೆದರುವುದಿಲ್ಲ. ಬೆಲೆ ಮಾತ್ರ ತುಂಬಾ ಜಾಸ್ತಿ, ಬೀಳಿಸಿದರೆ ಒಡೆಯುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸೀಸನ್ ಯಾವ ಯಂತ್ರವನ್ನೂ ಕೊಳ್ಳದೆ ಸಾಬಕ್ಕಿ, ತಣ್ಣಗಿಡುವ ತೊಟ್ಟಿ, ಪಾಶ್ಚರೀಕರಣ ಇಷ್ಟರಲ್ಲೇ ರಸ ಮಾಡಿ ನೋಡುತ್ತಿದ್ದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಗಡಿಯಾಚೆ ಹತ್ತಿರದಲ್ಲೇ ಇದೆ, ಗೇರುಹಣ್ಣಿನ ರಸದ ಬಗ್ಗೆ ಅಲ್ಲಿಯೂ ಕೇಳಿ. ಆಮೇಲೂ ಬಾಟಲಿಯಲ್ಲಿ ಗಷ್ಟು ನಿಂತರೆ, ಗಿರಾಕಿ ಅದಕ್ಕಾಗಿಯೇ ವಾಪಸು ಕೊಟ್ಟರೆ, ಆಗ 0.2 ಮೈಕ್ರಾನ್ ಸೆರಾಮಿಕ್ ಎಂಎಫ್‌ಗೆ ನಾಲ್ಕು ಗಂಟೆಯ ಟ್ರಯಲ್ ಕೇಳಿ. ಏಜೆಂಟ್ ಮತ್ತೆ ಬಂದರೆ ನೀರಿನ ಬದಲು ನಿಮ್ಮ ರಸದ ಕ್ಯಾನನ್ನೇ ಅವರ ಕೈಗೆ ಕೊಡಿ.